ದುಡ್ಡು ಕೈಯಲ್ಲಿ ಎಷ್ಟು ದಿನ ನಿಲ್ಲುತ್ತದೆ? ಜಿಂಬಾಬ್ವೆಯ ಮನೆಗಳು ಡಾಲರಿಗೆ ಹೊರಳಿದ ಲೆಕ್ಕ

2015ರ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಜಿಂಬಾಬ್ವೆಯ ರಿಸರ್ವ್ ಬ್ಯಾಂಕ್ ತನ್ನ ಸತ್ತ ನಾಣ್ಯದ ಕೊನೆಯ ಲೆಕ್ಕ ಚುಕ್ತಾ ಮಾಡಿತು. ಹಳೆಯ ಖಾತೆಯಲ್ಲಿ 175 ಕ್ವಾಡ್ರಿಲಿಯನ್ ಜಿಂಬಾಬ್ವೆ ಡಾಲರ್‌ವರೆಗೆ ಎಷ್ಟೇ ಇರಲಿ, ಸಿಗುತ್ತಿದ್ದುದು ಐದು ಅಮೆರಿಕನ್ ಡಾಲರ್. 175ರ ಮುಂದೆ ಹದಿನೈದು ಸೊನ್ನೆ ಹಾಕಿದರೆ ಆ ಮೊತ್ತ. ಅದಕ್ಕಿಂತ ಹೆಚ್ಚಿದ್ದವರಿಗೆ 35 ಕ್ವಾಡ್ರಿಲಿಯನ್‌ಗೆ ಒಂದು ಡಾಲರ್. ಜೀವಮಾನವಿಡೀ ಸಂಬಳದಲ್ಲಿ ಉಳಿಸಿ ಬ್ಯಾಂಕಿನಲ್ಲಿ ಇಟ್ಟಿದ್ದವನಿಗೂ, ಖಾತೆ ತೆರೆದು ಮರೆತಿದ್ದವನಿಗೂ ಬಹುಪಾಲು ಒಂದೇ ಐದು ಡಾಲರ್.

ಇದನ್ನು ಓದಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಹಾಗಾದರೆ ಮೊದಲೇ ಎಲ್ಲರೂ ಡಾಲರ್ ಕೊಂಡುಬಿಡಬಹುದಿತ್ತಲ್ಲ?" ಎಂಬುದು. ಕೊಳ್ಳಲಿಲ್ಲ, ಮತ್ತು ಕೊಳ್ಳದಿದ್ದವರೆಲ್ಲ ದಡ್ಡರೂ ಅಲ್ಲ. ಬೆಲೆ ಹುಚ್ಚೆದ್ದು ಏರುವಾಗ ಒಂದು ಮನೆಯ ಮುಂದೆ ನಾಲ್ಕೈದು ದಾರಿಗಳಿರುತ್ತವೆ. ನೋಟನ್ನೇ ಇಟ್ಟುಕೊಳ್ಳುವುದು, ಬ್ಯಾಂಕಿನಲ್ಲಿ ಬಿಡುವುದು, ಸಾಮಾನು ಕೊಂಡು ತುಂಬಿಡುವುದು, ವಿದೇಶಿ ನೋಟು ಕೊಳ್ಳುವುದು. ಇವುಗಳಲ್ಲಿ ಯಾವುದು ಮೇಲು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಉತ್ತರ ನಿಂತಿರುವುದು ಒಂದು ಸಣ್ಣ ಸಂಗತಿಯ ಮೇಲೆ: ಆ ದುಡ್ಡು ಖರ್ಚಾಗುವುದಕ್ಕೆ ಇನ್ನು ಎಷ್ಟು ದಿನ ಇದೆ? 2007ರಿಂದ 2009ರವರೆಗಿನ ಜಿಂಬಾಬ್ವೆಯನ್ನು ಇಟ್ಟುಕೊಂಡು ಆ ದಿನಗಳ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ. ಗೊಂದಲ ಬೇಡವೆಂದು ಅವರ ನಾಣ್ಯವನ್ನು ಜಿಮ್ ಡಾಲರ್ ಎನ್ನುತ್ತೇನೆ. ಬರೀ ಡಾಲರ್ ಎಂದರೆ ಅಮೆರಿಕದ್ದು.

ಮೊದಲು, ನಡೆದದ್ದೇನು

ಜಿಂಬಾಬ್ವೆ ಸ್ವತಂತ್ರವಾದ 1980ರಲ್ಲಿ ಒಂದು ಜಿಮ್ ಡಾಲರಿಗೆ ಒಂದು ಅಮೆರಿಕನ್ ಡಾಲರಿಗಿಂತ ಹೆಚ್ಚು ಬೆಲೆಯಿತ್ತು. 2000ದ ನಂತರ ದೊಡ್ಡ ಜಮೀನುಗಳನ್ನು ಕಸಿದುಕೊಂಡ ರೀತಿಯಿಂದ ಬೇಸಾಯ ಕುಸಿಯಿತು, ತಂಬಾಕು ಮತ್ತಿತರ ರಫ್ತಿನಿಂದ ಬರುತ್ತಿದ್ದ ವಿದೇಶಿ ಹಣ ಬತ್ತಿತು, ತೆರಿಗೆಯೂ ಬತ್ತಿತು. ಖರ್ಚು ಮಾತ್ರ ಬತ್ತಲಿಲ್ಲ. ಗಿಡಿಯನ್ ಗೋನೊ ಗವರ್ನರ್ ಆಗಿದ್ದ ರಿಸರ್ವ್ ಬ್ಯಾಂಕ್ ಸರ್ಕಾರದ ಖರ್ಚಿಗೆ, ಸರ್ಕಾರದ ಲೆಕ್ಕಪುಸ್ತಕದ ಹೊರಗೆ ನಡೆಸಿದ ಸಾಲ ಸಹಾಯಧನಗಳಿಗೆ ನೋಟು ಮುದ್ರಿಸುತ್ತ ಹೋಯಿತು. 2006ರ ಆಗಸ್ಟಿನಲ್ಲಿ ನೋಟಿನಿಂದ ಮೂರು ಸೊನ್ನೆ ತೆಗೆದರು. 2008ರ ಆಗಸ್ಟಿನಲ್ಲಿ ಹತ್ತು ಸೊನ್ನೆ. 2009ರ ಫೆಬ್ರುವರಿಯಲ್ಲಿ ಹನ್ನೆರಡು. ಒಟ್ಟು ಇಪ್ಪತ್ತೈದು ಸೊನ್ನೆಗಳು ಎರಡೂವರೆ ವರ್ಷದಲ್ಲಿ ಅಳಿಸಿಹೋದವು.

ಸರ್ಕಾರ ಕೊಟ್ಟ ಕೊನೆಯ ಅಧಿಕೃತ ಅಂಕಿ 2008ರ ಜುಲೈಯದು: ವರ್ಷಕ್ಕೆ ಸುಮಾರು 23.1 ಕೋಟಿ ಶೇಕಡಾ. ಆಮೇಲೆ ಅಂಕಿ ಕೊಡುವುದನ್ನೇ ನಿಲ್ಲಿಸಿದರು. ಹೊರಗಿನಿಂದ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ಸ್ಟೀವ್ ಹ್ಯಾಂಕಿಯ ಅಂದಾಜಿನಂತೆ ಆ ವರ್ಷದ ನವೆಂಬರ್ ನಡುವಿನಲ್ಲಿ ಬೆಲೆಗಳು ಸುಮಾರು 24.7 ಗಂಟೆಗೊಮ್ಮೆ ದುಪ್ಪಟ್ಟಾಗುತ್ತಿದ್ದವು. ಅವರು ಲೆಕ್ಕ ಹಾಕಿದ ರೀತಿಯೇ ಒಂದು ಕಥೆ. ಅಂಗಡಿಗಳಲ್ಲಿ ನಂಬುವಂಥ ಬೆಲೆಪಟ್ಟಿಯೇ ಇಲ್ಲವಾದ್ದರಿಂದ, ಓಲ್ಡ್ ಮ್ಯೂಚುವಲ್ ಎಂಬ ಕಂಪನಿಯ ಷೇರು ಹರಾರೆಯಲ್ಲಿ ಎಷ್ಟಕ್ಕೆ ಮಾರುತ್ತದೆ, ಲಂಡನ್ನಿನಲ್ಲಿ ಎಷ್ಟಕ್ಕೆ ಮಾರುತ್ತದೆ ಎಂದು ನೋಡಿ, ಒಂದನ್ನು ಇನ್ನೊಂದರಿಂದ ಭಾಗಿಸಿ ನಿಜವಾದ ವಿನಿಮಯ ದರ ತೆಗೆದರು. ದೇಶದೊಳಗಿನ ವ್ಯಾಪಾರಸ್ಥರೂ ದರ ತಿಳಿಯಲು ಅದನ್ನೇ ನೋಡುತ್ತಿದ್ದರು.

ದಿನಗಳ ಗೆರೆ

ಈಗ ಮನೆಯ ಲೆಕ್ಕ. ಸಂಬಳ ಜಿಮ್ ಡಾಲರಿನಲ್ಲಿ ಬಂತು ಎಂದುಕೊಳ್ಳಿ. ಬೀದಿಯ ಹಣ ಬದಲಿಸುವವರ ಹತ್ತಿರ ಹೋಗಿ ಅದನ್ನು ಡಾಲರ್ ಮಾಡಿಸಿದರೆ ಪುಕ್ಕಟೆಗೆ ಆಗುವುದಿಲ್ಲ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರವಿರುತ್ತದೆ. ಲೆಕ್ಕಕ್ಕಾಗಿ ಒಂದು ಸಲ ಬದಲಿಸಿದರೆ ನೂರಕ್ಕೆ ಹತ್ತು ಹೋಗುತ್ತದೆ ಎನ್ನೋಣ. ಅಂಗಡಿಯವನು ಡಾಲರ್ ಮುಟ್ಟುವುದಿಲ್ಲವಾದರೆ ಖರ್ಚಿನ ದಿನ ಮತ್ತೆ ಜಿಮ್ ಡಾಲರಿಗೆ ಬದಲಿಸಬೇಕು, ಉಳಿದದ್ದರಲ್ಲಿ ಇನ್ನೊಂದು ಹತ್ತು ಹೋಯಿತು. ನೂರು ಹೊರಟು ಎಂಬತ್ತೊಂದಾಗಿ ವಾಪಸ್ ಬಂತು.

ಬದಲಿಸದೆ ಇಟ್ಟುಕೊಂಡರೆ ಏನು ಹೋಗುತ್ತದೆ? ಬೆಲೆಗಳು ತಿಂಗಳಿಗೆ 50 ಶೇಕಡಾ ಏರುತ್ತಿದ್ದರೆ ದಿನಕ್ಕೆ ಸುಮಾರು 1.36 ಶೇಕಡಾ ಏರಿದಂತೆ. ಅತಿ ಹಣದುಬ್ಬರ ಎಂದು ಕರೆಯಲು ಅರ್ಥಶಾಸ್ತ್ರಜ್ಞ ಫಿಲಿಪ್ ಕೇಗನ್ 1956ರಲ್ಲಿ ಹಾಕಿದ ಗೆರೆಯೂ ಈ 50 ಶೇಕಡಾವೇ. ಆ ವೇಗದಲ್ಲಿ ಕೈಯಲ್ಲಿರುವ ನೋಟು ತನ್ನ ಬೆಲೆಯ ಹತ್ತನೇ ಒಂದು ಪಾಲು ಕಳೆದುಕೊಳ್ಳಲು ಎಂಟು ದಿನ ಬೇಕು, ನೂರಕ್ಕೆ ಹತ್ತೊಂಬತ್ತು ಕಳೆದುಕೊಳ್ಳಲು ಹದಿನಾರು ದಿನ. ಅಂದರೆ ಹದಿನಾರು ದಿನದೊಳಗೆ ಖರ್ಚಾಗುವ ದುಡ್ಡನ್ನು ಡಾಲರ್ ಮಾಡಿಸುವುದು ನಷ್ಟ. ಅದಕ್ಕಿಂತ ಹೆಚ್ಚು ದಿನ ಇರಬೇಕಾದದ್ದನ್ನು ಮಾಡಿಸದಿರುವುದು ನಷ್ಟ. ಈ ದಿನವನ್ನೇ ನಾನು ಗೆರೆ ಎನ್ನುತ್ತಿರುವುದು. ಬೆಲೆಯ ವೇಗ ಹೆಚ್ಚಿದಂತೆ ಗೆರೆ ಹೇಗೆ ಹತ್ತಿರ ಬರುತ್ತದೆ ನೋಡಿ:

| ಬೆಲೆ ಏರುವ ವೇಗ | ಎರಡು ಸಲ ಬದಲಿಸಬೇಕಾದರೆ ಗೆರೆ | ಅಂಗಡಿಯವನೇ ಡಾಲರ್ ತೆಗೆದುಕೊಂಡರೆ ಗೆರೆ |
|---|---|---|
| ತಿಂಗಳಿಗೆ 10 ಶೇಕಡಾ | 66 ದಿನ | 33 ದಿನ |
| ತಿಂಗಳಿಗೆ 50 ಶೇಕಡಾ | 16 ದಿನ | 8 ದಿನ |
| ವಾರಕ್ಕೊಮ್ಮೆ ದುಪ್ಪಟ್ಟು | 2 ದಿನ | 1 ದಿನ |
| ದಿನಕ್ಕೊಮ್ಮೆ ದುಪ್ಪಟ್ಟು | 7 ಗಂಟೆ | ಮೂರೂವರೆ ಗಂಟೆ |

ನೂರಕ್ಕೆ ಹತ್ತು ಎಂಬುದು ನಾನು ಹಿಡಿದ ಅಂಕಿ. ಪೊಲೀಸರ ಕಾಟ ಹೆಚ್ಚಾದ ವಾರ ಅದು ಇಪ್ಪತ್ತಾಗಬಹುದು, ಆಗ ಗೆರೆ ದೂರ ಸರಿಯುತ್ತದೆ. ಡಾಲರಿನ ದರ ಬೆಲೆಗಳ ಜೊತೆಗೇ ಹೆಜ್ಜೆ ಹಾಕುತ್ತದೆ ಎಂದೂ ಹಿಡಿದಿದ್ದೇನೆ. ವಾಸ್ತವದಲ್ಲಿ ಅದು ಕೆಲವು ವಾರ ಮುಂದೆ ಓಡುತ್ತದೆ, ಕೆಲವು ವಾರ ಹಿಂದೆ ಬೀಳುತ್ತದೆ. ಆದರೂ ಪಟ್ಟಿಯ ಮುಖ್ಯ ಸಂಗತಿ ಬದಲಾಗುವುದಿಲ್ಲ.

ಆ ಸಂಗತಿ ಇರುವುದು ಎರಡನೆಯ ಮತ್ತು ಮೂರನೆಯ ಅಂಕಣಗಳ ನಡುವೆ. ಅಂಗಡಿಯವನು ಡಾಲರ್ ತೆಗೆದುಕೊಳ್ಳಲು ಒಪ್ಪಿದ ಕ್ಷಣ, ಬೆಲೆಯ ವೇಗ ಒಂದಿಷ್ಟೂ ಬದಲಾಗದೆ, ಗಿರಾಕಿಯ ಗೆರೆ ಅರ್ಧಕ್ಕೆ ಇಳಿಯುತ್ತದೆ. ನಿನ್ನೆಯವರೆಗೆ ಜಿಮ್ ಡಾಲರ್ ಇಟ್ಟುಕೊಳ್ಳುವುದೇ ಸರಿಯಾಗಿದ್ದ ಮನೆಗೆ ಇಂದು ಅದು ತಪ್ಪು. ಆ ಮನೆಯೂ ಡಾಲರಿಗೆ ಹೊರಳಿತು ಎಂದರೆ ಇನ್ನೊಬ್ಬ ಅಂಗಡಿಯವನಿಗೆ ಡಾಲರ್ ಕೇಳುವ ಧೈರ್ಯ ಬಂತು. ಸ್ವಂತ ನಾಣ್ಯವನ್ನು ಬಿಡುವುದು ಒಬ್ಬೊಬ್ಬರ ಭಯದ ಮಾತಷ್ಟೇ ಅಲ್ಲ, ಪಕ್ಕದವನು ಏನು ತೆಗೆದುಕೊಳ್ಳುತ್ತಾನೆ ಎಂಬುದರ ಮಾತು. ಬಹಳ ದಿನ ಏನೂ ಆಗದೆ, ಆಮೇಲೆ ಕೆಲವೇ ವಾರಗಳಲ್ಲಿ ಎಲ್ಲ ಆಗಿಹೋಗುವುದು ಅದಕ್ಕೇ.

ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಡಾಲರ್

ಈ ಗೆರೆಯನ್ನು ಮನಸ್ಸಿನಲ್ಲಿಟ್ಟರೆ ಇನ್ನೊಂದು ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಡಾಲರ್ ಯಾವ ದೇಶದಲ್ಲೂ ತರಕಾರಿ ಗಾಡಿಯಿಂದ ಶುರುವಾಗುವುದಿಲ್ಲ. ಮೊದಲು ಮನೆ, ನಿವೇಶನ, ಕಾರು ಮಾರುವವರು ಡಾಲರಿನಲ್ಲಿ ಬೆಲೆ ಹೇಳುತ್ತಾರೆ. ಮನೆ ಮಾರಿದ ದುಡ್ಡು ತಿಂಗಳುಗಟ್ಟಲೆ ಕೈಯಲ್ಲಿರುತ್ತದೆ, 66 ದಿನದ ಗೆರೆಯನ್ನೂ ಅದು ದಾಟುತ್ತದೆ. ಆಮೇಲೆ ಬಾಡಿಗೆ. ಒಂದು ತಿಂಗಳಿಗೆ ಒಪ್ಪಿಕೊಂಡ ಮೊತ್ತ ಮೂವತ್ತನೇ ದಿನಕ್ಕೆ ಕರಗಿಹೋಗಿರುತ್ತದೆ ಎಂದು ಮನೆ ಮಾಲೀಕರಿಗೆ ಬೇಗ ಅರಿವಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಸರಕು ತರಿಸುವ ಕಿರಾಣಿ. ಕಟ್ಟಕಡೆಗೆ ಟೊಮೇಟೊ ಮಾರುವ ಹೆಂಗಸು. ಅವಳು ಸಂಜೆ ಎಣಿಸಿದ ದುಡ್ಡನ್ನು ಮರುದಿನ ಬೆಳಿಗ್ಗೆ ಸಗಟು ಮಾರುಕಟ್ಟೆಗೆ ಒಯ್ಯುತ್ತಾಳೆ. ಅವಳ ಕೈಯಲ್ಲಿ ನೋಟು ನಿಲ್ಲುವುದು ಒಂದೇ ರಾತ್ರಿ. ಗೆರೆ ಒಂದು ದಿನಕ್ಕಿಂತ ಕೆಳಗೆ ಬಂದಾಗ ಮಾತ್ರ ಅವಳು ಜಿಮ್ ಡಾಲರ್ ಬೇಡ ಎನ್ನುತ್ತಾಳೆ.

ಹಾಗಾಗಿ ಒಂದು ದೇಶದ ನಾಣ್ಯದ ಆರೋಗ್ಯ ತಿಳಿಯಬೇಕಾದರೆ ಅಧಿಕೃತ ಅಂಕಿಗಿಂತ ಯಾರು ಯಾವುದನ್ನು ಯಾವ ಹಣದಲ್ಲಿ ಕೇಳುತ್ತಿದ್ದಾರೆ ಎಂದು ನೋಡುವುದು ಮೇಲು. ಬಾಡಿಗೆ ಡಾಲರಿಗೆ ಹೊರಳಿದ್ದರೆ ರೋಗ ಗಟ್ಟಿಯಾಗಿದೆ, ಇನ್ನೂ ವಾಸಿಯಾಗಬಹುದು. ಸೊಪ್ಪು ಮಾರುವವರು ಹೊರಳಿದ್ದರೆ ಮುಗಿಯಿತು. ಜಿಂಬಾಬ್ವೆಯಲ್ಲಿ 2008ರ ಕೊನೆಯ ತಿಂಗಳುಗಳಲ್ಲಿ ಆದದ್ದು ಅದೇ.

ನೋಟು ಮತ್ತು ಬ್ಯಾಂಕು: ಒಂದೇ ಹಣ, ಎರಡು ಬೆಲೆ

ನೋಟು ಹಿಡಿದುಕೊಂಡು ಕೂರುವವರನ್ನು ಎಲ್ಲರೂ ಹೀಯಾಳಿಸುತ್ತಾರೆ. ಆದರೆ ಆ ದಿನಗಳಲ್ಲಿ ನೋಟಿಗಿಂತ ಕೆಟ್ಟದ್ದು ಬ್ಯಾಂಕಿನ ಬಾಕಿ. ರಿಸರ್ವ್ ಬ್ಯಾಂಕ್ ದಿನಕ್ಕೆ ಇಷ್ಟೇ ತೆಗೆಯಬಹುದು ಎಂದು ಮಿತಿ ಹಾಕಿತ್ತು. ಬೆಲೆ ಏರಿದಷ್ಟು ಬೇಗ ಮಿತಿ ಏರುತ್ತಿರಲಿಲ್ಲ. ಬೆಳಗಿನ ಜಾವವೇ ಬಂದು ಸಾಲಿನಲ್ಲಿ ನಿಂತು ತೆಗೆದ ಹಣ ಕೆಲವು ದಿನ ಬ್ಯಾಂಕಿಗೆ ಬಂದುಹೋದ ಬಸ್ಸಿನ ಚಾರ್ಜಿಗೂ ಸಾಲುತ್ತಿರಲಿಲ್ಲ. ನೋಟಿನ ಕಾಗದ ಪೂರೈಸುತ್ತಿದ್ದ ಜರ್ಮನಿಯ ಗೀಸೆಕೆ ಮತ್ತು ಡೆವ್ರಿಯೆಂಟ್ ಕಂಪನಿ 2008ರ ಜುಲೈಯಲ್ಲಿ ಪೂರೈಕೆ ನಿಲ್ಲಿಸಿತು, ನೋಟಿನ ಬರ ಇನ್ನಷ್ಟಾಯಿತು. ದುಡ್ಡು ಕಸವಾಗುತ್ತಿದ್ದ ದೇಶದಲ್ಲಿ ದುಡ್ಡಿನ ನೋಟಿಗೇ ಕೊರತೆ ಎಂದರೆ ನಗು ಬರುತ್ತದೆ, ಆದರೆ ಅತಿ ಹಣದುಬ್ಬರದಲ್ಲಿ ಇದು ಮಾಮೂಲು. ಬೆಲೆ ಮುದ್ರಣಯಂತ್ರಕ್ಕಿಂತ ವೇಗವಾಗಿ ಓಡುತ್ತದೆ.

ಇದರಿಂದ ಒಂದೇ ಜಿಮ್ ಡಾಲರಿಗೆ ಎರಡು ಬೆಲೆ ಹುಟ್ಟಿದವು. ಕೈಯಲ್ಲಿ ನೋಟು ಕೊಟ್ಟು ಡಾಲರ್ ಕೊಂಡರೆ ಒಂದು ದರ, ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾಯಿಸಿ ಕೊಂಡರೆ ಅದರ ಹಲವು ಪಟ್ಟು ದರ. ಈ ಅಂತರವನ್ನೇ ಕಸುಬು ಮಾಡಿಕೊಂಡವರಿದ್ದರು. ಅದಕ್ಕೆ ಅವರ ಮಾತಿನಲ್ಲಿ 'ಬರ್ನಿಂಗ್', ಹಣ ಸುಡುವುದು. ಒಂದಿಷ್ಟು ಡಾಲರನ್ನು ವರ್ಗಾವಣೆಗೆ ಮಾರಿದರೆ ಖಾತೆಗೆ ಲೆಕ್ಕವಿಲ್ಲದಷ್ಟು ಜಿಮ್ ಡಾಲರ್ ಬೀಳುತ್ತಿತ್ತು. ಬ್ಯಾಂಕಿನಲ್ಲಿ ಪರಿಚಯವಿದ್ದು ಅದನ್ನು ನೋಟಾಗಿ ತೆಗೆದರೆ, ಅಥವಾ ಸರ್ಕಾರಿ ದರದಲ್ಲಿ ಚೆಕ್ ತೆಗೆದುಕೊಳ್ಳುವ ಕಡೆ ಬಿಲ್ ಕಟ್ಟಿದರೆ, ದುಡ್ಡು ಹಲವು ಪಟ್ಟಾಗುತ್ತಿತ್ತು. ನಷ್ಟ ಹೊತ್ತವರು ಬೇರೆ ದಾರಿಯಿಲ್ಲದೆ ಸಂಬಳವನ್ನು ಖಾತೆಯಲ್ಲೇ ಪಡೆಯುತ್ತಿದ್ದ ಮೇಷ್ಟರು, ನರ್ಸುಗಳು, ಪಿಂಚಣಿದಾರರು. 2008ರಲ್ಲಿ ಶಾಲೆಗಳು ಬಾಗಿಲು ಹಾಕಿದಂತೆಯೇ ಇದ್ದವು. ಮೇಷ್ಟರ ತಿಂಗಳ ಸಂಬಳ ಶಾಲೆಗೆ ಓಡಾಡುವ ಚಾರ್ಜಿಗೆ ಸಾಲದೆ ಅವರು ಗಡಿ ದಾಟಿ ಹೋದರು.

ಈ ಎರಡರ ನಡುವೆ ಆಯ್ಕೆ ಇದ್ದರೆ ತೀರ್ಮಾನ ಸುಲಭ. ಮಿತಿ ಬಿದ್ದ ಬ್ಯಾಂಕಿನಲ್ಲಿ ಗೆರೆಯ ಲೆಕ್ಕವೇ ನಡೆಯುವುದಿಲ್ಲ, ಯಾಕೆಂದರೆ ಎಷ್ಟು ದಿನ ಇಡಬೇಕೆಂಬುದು ನಿಮ್ಮ ಕೈಯಲ್ಲಿಲ್ಲ. ನೋಟಿನ ಒಂದೇ ಗುಣ ಅದನ್ನು ಇವತ್ತೇ ಕೈಬಿಡಬಹುದು ಎಂಬುದು. ಅದರ ಮೇಲೆ ಅವಧಿ ಮುಗಿಯುವ ದಿನಾಂಕವನ್ನೂ ಅಚ್ಚು ಹಾಕಿದ್ದರು. ಬೇರರ್ ಚೆಕ್ ಎಂದು ಕರೆಯುತ್ತಿದ್ದ ಆ ನೋಟುಗಳು ಹಾಲಿನ ಪೊಟ್ಟಣದಂತೆ ದಿನಾಂಕ ಹೊತ್ತು ಓಡಾಡುತ್ತಿದ್ದವು.

ಸಾಮಾನು ತುಂಬಿಡುವುದು

ಸಕ್ಕರೆ, ಅಡುಗೆ ಎಣ್ಣೆ, ಸಾಬೂನು, ಮೆಕ್ಕೆಜೋಳದ ಹಿಟ್ಟು. ಮನೆಗೆ ಬೇಕಾದಷ್ಟನ್ನು ಸಂಬಳದ ದಿನವೇ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಇದರಲ್ಲಿ ಬದಲಿಸುವ ಖರ್ಚೇ ಇಲ್ಲ. ತಿಂಗಳಿಗೆ 50 ಶೇಕಡಾ ಏರುವಾಗ ಸಂಬಳವನ್ನು ಮೂವತ್ತು ದಿನಕ್ಕೆ ಸಮನಾಗಿ ಹಂಚಿ ಖರ್ಚು ಮಾಡಿದ ಮನೆಗೆ ಮೊದಲ ದಿನವೇ ಎಲ್ಲ ಕೊಂಡ ಮನೆಗಿಂತ ನೂರಕ್ಕೆ ಹದಿನೆಂಟರಷ್ಟು ಕಡಿಮೆ ಸಾಮಾನು ಬರುತ್ತದೆ. ಜಾಣ ಗೃಹಿಣಿಯರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೊಡಕು ಶುರುವಾಗುವುದು ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಕೊಂಡಾಗ. ಉಳಿತಾಯವನ್ನು ಎಣ್ಣೆಯ ಡಬ್ಬದಲ್ಲಿಟ್ಟರೆ ಒಂದು ದಿನ ಅದನ್ನು ಮಾರಬೇಕು. ಅಂಗಡಿಯಲ್ಲದ ಮನೆ ಮಾರಿದರೆ ಅಂಗಡಿಯ ಬೆಲೆ ಸಿಗದು. ಹಿಟ್ಟಿಗೆ ಹುಳ ಬೀಳುತ್ತದೆ. ಆಸ್ಪತ್ರೆಗೆ ಅರ್ಧ ಡಬ್ಬ ಎಣ್ಣೆ ಕೊಡಲಾಗದು. ಇದರ ಮೇಲೆ ಸರ್ಕಾರ ಬೇರೆ. 2007ರ ಜೂನ್ ಕೊನೆಯಲ್ಲಿ ಬೆಲೆಗಳನ್ನು ಅರ್ಧಕ್ಕೆ ಇಳಿಸಿ ಎಂದು ಅಪ್ಪಣೆಯಾಯಿತು, ಇಳಿಸದ ವ್ಯಾಪಾರಿಗಳನ್ನು ಹಿಡಿದರು. ಜನ ಮುಗಿಬಿದ್ದು ಕೊಂಡರು, ಕೆಲವೇ ದಿನಗಳಲ್ಲಿ ಕಪಾಟುಗಳು ಬರಿದಾದವು. ಕೊಂಡದ್ದಕ್ಕಿಂತ ಕಡಿಮೆಗೆ ಮಾರಲು ಮತ್ತೆ ಸರಕು ತರಿಸುವವರು ಯಾರು? ಅಲ್ಲಿಂದ ಮುಂದೆ ಸಾಮಾನು ತುಂಬಿಡಬೇಕೆಂದರೂ ಕೊಳ್ಳಲು ಸಾಮಾನೇ ಇರಲಿಲ್ಲ. ಒಂದು ದಾರಿ ಹೀಗೆ ಮುಚ್ಚಿದ್ದರಿಂದ ಇನ್ನಷ್ಟು ಮನೆಗಳು ವಿದೇಶಿ ನೋಟಿನ ಕಡೆ ನೂಕಲ್ಪಟ್ಟವು ಎಂಬುದು ನನ್ನ ಎಣಿಕೆ. ಸ್ವಂತ ನಾಣ್ಯವನ್ನು ಉಳಿಸಲೆಂದು ಮಾಡಿದ ಆಜ್ಞೆ ಅದನ್ನೇ ಬೇಗ ಮುಳುಗಿಸಿತು.

ನಡುವೆ ಇನ್ನೊಂದು ಬಗೆಯ ಹಣ ಸ್ವಲ್ಪ ಕಾಲ ನಡೆಯಿತು, ಪೆಟ್ರೋಲ್ ಕೂಪನ್. ಇಷ್ಟು ಲೀಟರಿಗೆ ಎಂದು ಅಚ್ಚಾದ ಚೀಟಿ. ಲೀಟರಿಗೆ ಹಣದುಬ್ಬರವಿಲ್ಲವಲ್ಲ. ಹುಳ ಬೀಳದು, ಜೇಬಿನಲ್ಲಿ ಹಿಡಿಯುತ್ತದೆ, ಬಾಡಿಗೆಗೂ ಕೊಡಬಹುದು. ಆದರೆ ಅದನ್ನು ತುಂಡು ಮಾಡಿ ಬ್ರೆಡ್ ಕೊಳ್ಳಲಾಗದು, ಬಂಕಿನಲ್ಲಿ ಪೆಟ್ರೋಲ್ ಇದ್ದರೆ ಮಾತ್ರ ಅದಕ್ಕೆ ಬೆಲೆ.

ಡಾಲರೋ ರ‍್ಯಾಂಡೋ

ವಿದೇಶಿ ನೋಟು ಎಂದು ತೀರ್ಮಾನಿಸಿದ ಮೇಲೆ ಯಾವ ದೇಶದ್ದು ಎಂಬ ಪ್ರಶ್ನೆ. ದಕ್ಷಿಣದ ಬುಲವಾಯೊದಲ್ಲಿ, ಗಡಿಯ ಬೈಟ್‌ಬ್ರಿಜ್‌ನಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಹೆಚ್ಚು ಓಡುತ್ತಿತ್ತು. ಹರಾರೆಯ ಕಡೆ ಡಾಲರ್. ಇದಕ್ಕೆ ಕಾರಣ ಅರ್ಥಶಾಸ್ತ್ರಕ್ಕಿಂತ ನೆಂಟಸ್ತನ. ಬುಲವಾಯೊದ ಮನೆಗಳ ಮಕ್ಕಳು ಜೋಹಾನ್ಸ್‌ಬರ್ಗ್‌ನಲ್ಲಿ ದುಡಿಯುತ್ತಿದ್ದರು. ಅವರು ಬಸ್ಸಿನ ಡ್ರೈವರುಗಳ ಕೈಯಲ್ಲಿ ಕಳಿಸುತ್ತಿದ್ದುದು ರ‍್ಯಾಂಡ್, ಜೊತೆಗೆ ಸಾಮಾನಿನ ಮೂಟೆ. ಬುಲವಾಯೊದ ಬೀದಿಯಲ್ಲಿ ಹಣ ಬದಲಿಸುತ್ತಿದ್ದ ಹೆಂಗಸರಿಗೆ 'ಓಸಿಫತೆಲೆನಿ' ಎಂದು ಹೆಸರು, 'ನಮಗೇನು ತಂದಿರಿ?' ಎಂದು ಅದರರ್ಥ. ಅವರು ಕೂರುವ ಜಾಗವನ್ನು ಊರವರು ತಮಾಷೆಗೆ ವರ್ಲ್ಡ್ ಬ್ಯಾಂಕ್ ಎನ್ನುತ್ತಿದ್ದರು.

ರ‍್ಯಾಂಡಿನ ಬಲ ಚಿಲ್ಲರೆ. ಪಕ್ಕದ ದೇಶದ ನಾಣ್ಯವಾದ್ದರಿಂದ ಲೋಹದ ಬಿಲ್ಲೆಗಳೂ ಗಡಿ ದಾಟಿ ಬರುತ್ತಿದ್ದವು. ಅಮೆರಿಕದ ಸೆಂಟ್‌ಗಳನ್ನು ಸಾಗರದಾಚೆಯಿಂದ ಯಾರು ಹೊತ್ತು ತರುತ್ತಾರೆ? ಹಾಗಾಗಿ ಡಾಲರಿನ ಊರುಗಳಲ್ಲಿ ಅತಿ ಸಣ್ಣ ಹಣವೆಂದರೆ ಒಂದು ಡಾಲರಿನ ನೋಟು. ಅದು ಸವೆದು, ಕೊಳೆತು, ಜನ ಸಾಬೂನಿನಲ್ಲಿ ತೊಳೆದು ಹಗ್ಗದ ಮೇಲೆ ಒಣಹಾಕುವ ಸ್ಥಿತಿಗೆ ಬಂತು. ಅರ್ಧ ಡಾಲರಿನ ಸಾಮಾನು ಕೊಂಡರೆ ಉಳಿದದ್ದಕ್ಕೆ ಮಿಠಾಯಿ, ಪೆನ್ನು, ಇಲ್ಲವೇ ಅಂಗಡಿಯವನು ಬರೆದುಕೊಟ್ಟ ಚೀಟಿ. ಇದನ್ನು ಸಣ್ಣ ಕಿರಿಕಿರಿ ಎಂದುಕೊಳ್ಳಬೇಡಿ. ಚಿಲ್ಲರೆ ಸಿಗದ ಊರಿನಲ್ಲಿ ನಲವತ್ತು ಸೆಂಟಿನ ವಸ್ತು ಐವತ್ತು ಸೆಂಟಾಗುತ್ತದೆ, ಅಥವಾ ಡಾಲರಿಗೆ ಎರಡೇ ಎನ್ನುತ್ತಾರೆ. ಆ ಭಾರ ಬೀಳುವುದು ಸ್ವಲ್ಪಸ್ವಲ್ಪವೇ ಕೊಳ್ಳುವ ಬಡವರ ಮೇಲೆ.

ಡಾಲರಿನ ಬಲ ಸ್ಥಿರತೆ. 2008ರ ಕೊನೆಯಲ್ಲಿ ಜಗತ್ತಿನ ಮಾರುಕಟ್ಟೆಗಳು ಕುಸಿದಾಗ ರ‍್ಯಾಂಡೂ ಡಾಲರಿನ ಎದುರು ಜಾರಿತು. ಆದ್ದರಿಂದ ಎರಡನ್ನೂ ಇಟ್ಟುಕೊಂಡ ಮನೆಗಳ ಲೆಕ್ಕ ಸರಿಯಾಗಿತ್ತು: ವಾರದ ಖರ್ಚಿಗೆ ರ‍್ಯಾಂಡ್, ಶಾಲೆಯ ಫೀಸಿಗೆ ಮತ್ತು ಕಷ್ಟಕಾಲಕ್ಕೆ ಡಾಲರ್. ಮತ್ತೆ ಅದೇ ದಿನಗಳ ಗೆರೆ.

ಹೊರಗೆ ನೆಂಟರಿಲ್ಲದ ಮನೆಗಳಿಗೆ ಈ ಆಯ್ಕೆಯೇ ಇರಲಿಲ್ಲ ಎಂಬುದನ್ನೂ ಹೇಳಬೇಕು. 2008ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಕೆಲವು ಅಂಗಡಿಗಳಿಗೆ ವಿದೇಶಿ ಹಣದಲ್ಲಿ ಮಾರಲು ಪರವಾನಗಿ ಕೊಟ್ಟಿತು. ಆ ಅಂಗಡಿಗಳು ತುಂಬಿದ್ದವು, ಪಕ್ಕದವು ಖಾಲಿ. ಡಾಲರ್ ಕಂಡೇ ಇಲ್ಲದ ಹಳ್ಳಿಗಳಲ್ಲಿ ಮೆಕ್ಕೆಜೋಳಕ್ಕೆ, ಕೋಳಿಗೆ, ಮೇಕೆಗೆ ಬದಲು ಕೊಟ್ಟು ಬದಲು ಪಡೆಯುವ ವ್ಯವಹಾರಕ್ಕೆ ಜನ ಇಳಿದರು.

2009ರ ಜನವರಿ 16ರಂದು ನೂರು ಟ್ರಿಲಿಯನ್ನಿನ ನೋಟು ಬಂತು, ನಮ್ಮ ಎಣಿಕೆಯಲ್ಲಿ ಕೋಟಿ ಕೋಟಿ. ಬಂದ ದಿನ ಅದಕ್ಕೆ ಬೀದಿಯಲ್ಲಿ ಸುಮಾರು ಮೂವತ್ತು ಡಾಲರ್. ಜನವರಿ 29ರಂದು ಹಂಗಾಮಿ ಹಣಕಾಸು ಸಚಿವ ಪ್ಯಾಟ್ರಿಕ್ ಚಿನಾಮಸ ವಿದೇಶಿ ಹಣದ ಬಳಕೆಗೆ ಎಲ್ಲರಿಗೂ ಒಪ್ಪಿಗೆ ಕೊಟ್ಟರು. ಫೆಬ್ರುವರಿಯಲ್ಲಿ ಹೊಸ ಸಚಿವ ಟೆಂಡೈ ಬಿಟಿ ಬಂದ ಮೇಲೆ ಸರ್ಕಾರಿ ನೌಕರರಿಗೆಲ್ಲ, ಮೇಲಿನವರಿಗೂ ಕೆಳಗಿನವರಿಗೂ, ತಿಂಗಳಿಗೆ ನೂರು ಡಾಲರ್. ಏಪ್ರಿಲಿನಲ್ಲಿ ಜಿಮ್ ಡಾಲರನ್ನು ಅಮಾನತಿನಲ್ಲಿಟ್ಟರು. ಆ ವರ್ಷ ಬೆಲೆಗಳು ಏರುವುದಿರಲಿ, ಇಳಿದವು. ಸರ್ಕಾರ ಡಾಲರನ್ನು ತಂದಿತು ಎನ್ನುತ್ತಾರೆ. ತಂದದ್ದು ಜನ, ಸರ್ಕಾರ ರುಜು ಹಾಕಿತು.

ಈಕ್ವೆಡಾರ್ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ 2000ದ ಜನವರಿಯಲ್ಲಿ ಅಧ್ಯಕ್ಷ ಹಮೀಲ್ ಮವಾದ್ ಡಾಲರೀಕರಣ ಘೋಷಿಸಿ, 25,000 ಸೂಕ್ರೆಗೆ ಒಂದು ಡಾಲರ್ ಎಂದು ದರ ಕಟ್ಟಿದರು. ದರ ಹೀನವಾಗಿತ್ತು, ಆದರೂ ನಾಣ್ಯ ಉಸಿರಾಡುತ್ತಿರುವಾಗಲೇ ಅದನ್ನು ಬದಲಿಸಿಕೊಟ್ಟರು. ಜಿಂಬಾಬ್ವೆ ಆ ಕೆಲಸಕ್ಕೆ ಕೈ ಹಾಕಿದ್ದು ನಾಣ್ಯ ಸತ್ತು ಆರು ವರ್ಷವಾದ ಮೇಲೆ, ಐದು ಡಾಲರಿನ ಲೆಕ್ಕದಲ್ಲಿ.

ಎರಡನೆಯ ಬಲೆ: ಬ್ಯಾಂಕಿನಲ್ಲಿರುವ ಡಾಲರ್

ಹೋಲಿಕೆಯಲ್ಲಿ ಎಲ್ಲರೂ ಮರೆಯುವ ಭಾಗ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಡಾಲರ್ ಇಟ್ಟುಕೊಳ್ಳುವುದಕ್ಕೂ ಡಾಲರ್ ಖಾತೆ ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಡಾಲರೀಕರಣವಾದ ದೇಶ ಡಾಲರ್ ಮುದ್ರಿಸಲಾರದು. ರಫ್ತು, ಹೊರಗಿನಿಂದ ಮಕ್ಕಳು ಕಳಿಸುವ ಹಣ, ಸಾಲ, ಇಷ್ಟರಿಂದಲೇ ಬರಬೇಕು. ಆಮದು ಹೆಚ್ಚಾದರೆ ನೋಟು ಹೊರಗೆ ಹರಿಯುತ್ತದೆ. ಜಿಂಬಾಬ್ವೆ ಸರ್ಕಾರಕ್ಕೆ ಮತ್ತೆ ದುಡ್ಡು ಸಾಲದಾದಾಗ ಅದು ಮುದ್ರಿಸಲಿಲ್ಲ, ಬ್ಯಾಂಕುಗಳಿಂದ ಸಾಲ ಎತ್ತಿತು. ಖಾತೆಗಳಲ್ಲಿ 'ಡಾಲರ್' ಎಂಬ ಅಂಕಿ ಬೆಳೆಯಿತು, ಅದರ ಹಿಂದೆ ಡಾಲರ್ ಇರಲಿಲ್ಲ. 2016ರ ಹೊತ್ತಿಗೆ ಬ್ಯಾಂಕಿನ ಮುಂದೆ ಮತ್ತೆ ಸಾಲುಗಳು. ಆ ನವೆಂಬರಿನಲ್ಲಿ ಬಾಂಡ್ ನೋಟು ಎಂಬುದನ್ನು ತಂದು, ಇದು ಡಾಲರಿಗೆ ಸಮ ಎಂದರು. ಬೀದಿಯಲ್ಲಿ ಸಮ ಎಂದೂ ಆಗಲಿಲ್ಲ. 2018ರ ಅಕ್ಟೋಬರಿನಲ್ಲಿ ಖಾತೆಗಳನ್ನು ಎರಡು ಮಾಡಿದರು, ಹೊರಗಿನಿಂದ ಬಂದ ನಿಜ ಡಾಲರಿನದು ಒಂದು, ಉಳಿದದ್ದು ಇನ್ನೊಂದು. 2019ರ ಫೆಬ್ರುವರಿಯಲ್ಲಿ ಆ ಉಳಿದದ್ದನ್ನೆಲ್ಲ ಒಂದಕ್ಕೊಂದರಂತೆ ಹೊಸ ಸ್ಥಳೀಯ ಹಣವೆಂದು ಘೋಷಿಸಿ, ಮರುಕ್ಷಣ ಡಾಲರಿಗೆ ಎರಡೂವರೆಯ ದರದಲ್ಲಿ ವ್ಯಾಪಾರ ಶುರುಮಾಡಿದರು.

ಲೆಕ್ಕ ಹಾಕಿ. 2015ರಲ್ಲಿ ಒಬ್ಬರ ಖಾತೆಯಲ್ಲಿ 4,000 ಡಾಲರ್ ಇತ್ತು, ಮುಟ್ಟಲಿಲ್ಲ. 2019ರ ಫೆಬ್ರುವರಿಯಲ್ಲಿ ಅದರ ಬೆಲೆ 1,600 ಡಾಲರ್. ಆ ವರ್ಷದ ಕೊನೆಗೆ ಅಧಿಕೃತ ದರ ಡಾಲರಿಗೆ ಸುಮಾರು 17 ಆಗಿತ್ತು, ಉಳಿದದ್ದು ಸುಮಾರು 235 ಡಾಲರ್. ಅದೇ 4,000ವನ್ನು ನೋಟಾಗಿ ಡಬ್ಬದಲ್ಲಿಟ್ಟಿದ್ದ ಪಕ್ಕದ ಮನೆಯವರ ಹತ್ತಿರ 4,000ವೇ ಇತ್ತು, ಕಳ್ಳರು ಬಾರದಿದ್ದರೆ. ಅರ್ಜೆಂಟೀನಾದವರು ಈ ಪಾಠ 2002ರಲ್ಲೇ ಕಲಿತಿದ್ದರು. ಅಲ್ಲಿ ಬ್ಯಾಂಕಿನ ಡಾಲರ್ ಠೇವಣಿಗಳನ್ನು ಡಾಲರಿಗೆ 1.40 ಪೆಸೊ ಎಂದು ಬದಲಿಸಿದರು, ಕೆಲವೇ ತಿಂಗಳಲ್ಲಿ ಹೊರಗೆ ದರ ಮೂರನ್ನು ದಾಟಿತು. ಅಲ್ಲಿನವರು ಇಂದಿಗೂ ಡಾಲರನ್ನು ಹಾಸಿಗೆಯಡಿ ಇಡುವುದನ್ನು ನೋಡಿ ಹಿಂದುಳಿದವರು ಎನ್ನುವವರಿಗೆ ಈ ಇತಿಹಾಸ ಗೊತ್ತಿಲ್ಲ.

ಬ್ಯಾಂಕಿನ ಡಾಲರಿನ ಮೇಲೆ ನಂಬಿಕೆ ಇಡಬಹುದೇ ಎಂದು ತಿಳಿಯಲು ಎರಡು ಗುರುತುಗಳಿವೆ. ಒಂದು, ಖಾತೆಯಿಂದ ಬೇಕಾದಾಗ ನೋಟು ಕೊಡುತ್ತಾರೆಯೇ. ಇನ್ನೊಂದು, ಅಂಗಡಿಯಲ್ಲಿ ಕಾರ್ಡಿಗೂ ನೋಟಿಗೂ ಒಂದೇ ಬೆಲೆಯೇ. ನೋಟು ಕೊಟ್ಟರೆ ಕಡಿಮೆ ಎಂದು ಅಂಗಡಿಯವನು ಹೇಳಲು ಶುರುಮಾಡಿದ ದಿನ ಖಾತೆಯಲ್ಲಿರುವುದು ಡಾಲರ್ ಅಲ್ಲ, ಡಾಲರಿನ ಹೆಸರಿಟ್ಟುಕೊಂಡ ಬೇರೆ ಹಣ. ಜಿಂಬಾಬ್ವೆಯಲ್ಲಿ ಈ ಗುರುತು ಸರ್ಕಾರದ ಆಜ್ಞೆಗಿಂತ ಬಹಳ ಮೊದಲೇ ಕಾಣಿಸಿತ್ತು.

2019ರ ಜೂನಿನಲ್ಲಿ ದೇಶದೊಳಗೆ ಡಾಲರಿನಲ್ಲಿ ವ್ಯವಹರಿಸಬಾರದು ಎಂದರು, 2020ರ ಮಾರ್ಚಿನಲ್ಲಿ ಸಡಿಲಿಸಿದರು. 2024ರ ಏಪ್ರಿಲಿನಲ್ಲಿ ಚಿನ್ನದ ಬೆಂಬಲವಿದೆ ಎಂದು ಹೇಳಿ ಜಿಗ್ ಎಂಬ ಹೊಸ ನಾಣ್ಯ ಬಂತು, ಡಾಲರಿಗೆ 13.56ರಂತೆ. ಸೆಪ್ಟೆಂಬರ್ ಕೊನೆಯ ವಾರ ಒಂದೇ ದಿನ ಅದರ ಬೆಲೆಯನ್ನು 43 ಶೇಕಡಾ ಇಳಿಸಿದರು. ಹಿಂದಿನ ಸಂಜೆ ನೂರು ಡಾಲರಿನಷ್ಟು ಜಿಗ್ ಇಟ್ಟುಕೊಂಡು ಮಲಗಿದವರ ಹತ್ತಿರ ಬೆಳಿಗ್ಗೆ ಉಳಿದದ್ದು ಐವತ್ತೇಳು.